ಚೀಲದ ಮೇಲೆ ನಾಲ್ಕು, ಮೇಸ್ತ್ರಿ ಕೇಳಿದ್ದು ಏಳು: ಟೈಲ್ಸ್ ಅಂಟು ಮತ್ತು ಗ್ರೌಟಿನ ಲೆಕ್ಕ

ಹಳೆಯ ಅಪಾರ್ಟ್‌ಮೆಂಟೊಂದರ ಮೊದಲ ಮಹಡಿಯಲ್ಲಿ 12 ಅಡಿಗೆ 15 ಅಡಿಯ ಒಂದು ಹಾಲ್ ಇದೆ ಎಂದುಕೊಳ್ಳಿ. ನೆಲ ಮೊಸಾಯಿಕ್. ಗಟ್ಟಿಯಾಗಿಯೇ ಇದೆ, ಆದರೆ ಹೊಳಪು ಹೋಗಿದೆ, ಅಲ್ಲಲ್ಲಿ ಎಷ್ಟು ಉಜ್ಜಿದರೂ ಹೋಗದ ಕಲೆಗಳು. ಅದನ್ನು ಒಡೆಯುವ ಗಲಾಟೆ ಬೇಡ, ಮೇಲೆಯೇ ಎರಡಡಿಗೆ ಎರಡಡಿಯ ವಿಟ್ರಿಫೈಡ್ ಟೈಲ್ಸ್ ಹಾಕಿಸೋಣ ಎಂದು ಮನೆಯವರು ತೀರ್ಮಾನಿಸುತ್ತಾರೆ. ಅಂಗಡಿಯಲ್ಲಿ ಅಂಟಿನ ಚೀಲವನ್ನು ತಿರುಗಿಸಿ ನೋಡಿದರೆ, 20 ಕೆ.ಜಿ. ಚೀಲ 50ರಿಂದ 60 ಚದರ ಅಡಿಗೆ ಸಾಕು ಎಂದು ಬರೆದಿದೆ. ಹಾಲ್ 180 ಚದರ ಅಡಿ. ನಾಲ್ಕು ಚೀಲ ಧಾರಾಳವಾಯಿತು. ಮೇಸ್ತ್ರಿ ಮಾತ್ರ ಏಳು ಬೇಕು ಎನ್ನುತ್ತಾರೆ. ಮನೆಯ ಹಿರಿಯರಿಗೆ ಎರಡೂ ಸರಿ ಕಾಣುವುದಿಲ್ಲ: "ಮೊದಲಿನ ಹಾಗೆ ಸಿಮೆಂಟು ಮರಳು ಕಲಸಿ ಕೂರಿಸಿದರೆ ಆಗುವುದಿಲ್ಲವೇ?"

ಇಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಮೂವರ ಮನಸ್ಸಿನಲ್ಲಿರುವ ದಪ್ಪಗಳು ಬೇರೆ ಬೇರೆ, ಅಷ್ಟೇ. ಚೀಲದ ಮೇಲೆ ಬರೆದವರ ಲೆಕ್ಕ ಸುಮಾರು 3 ಮಿಲಿಮೀಟರ್, ಮೇಸ್ತ್ರಿಯದು 5, ಹಿರಿಯರದು 40.

## ಗಾರೆಯ ಹಾಸು ಮಾಡುವುದು ಎರಡು ಕೆಲಸ

ಹಳೆಯ ಪದ್ಧತಿಯಲ್ಲಿ ಮೊದಲು ಸಿಮೆಂಟು ಮತ್ತು ಮರಳಿನ ಗಾರೆಯನ್ನು ನೆಲದ ಮೇಲೆ ಹರಡಿ, ಪಟ್ಟಿಯಿಂದ ಎಳೆದು ಮಟ್ಟ ಮಾಡುತ್ತಾರೆ. ಕೆಲಸದ ಜಾಗದಲ್ಲಿ ಇದನ್ನು ಬೆಡ್ ಎನ್ನುತ್ತಾರೆ. ಅದರ ಮೇಲೆ ನೀರಾಗಿ ಕಲಸಿದ ಸಿಮೆಂಟನ್ನು ಸುರಿದು, ಟೈಲ್ ಇಟ್ಟು, ರಬ್ಬರ್ ಸುತ್ತಿಗೆಯಿಂದ ತಟ್ಟಿ ಕೂರಿಸುತ್ತಾರೆ. ಕೇಂದ್ರ ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ ಸೆರಾಮಿಕ್ ನೆಲಕ್ಕೆ ಹೇಳಿರುವುದು 20 ಮಿ.ಮೀ. ದಪ್ಪದ, ಒಂದಕ್ಕೆ ನಾಲ್ಕರ ಗಾರೆ; ಮೇಲೆ ಚದರ ಮೀಟರಿಗೆ 3.3 ಕೆ.ಜಿ. ಸಿಮೆಂಟಿನ ತೆಳು ಲೇಪ. ಮನೆಗಳಲ್ಲಿ ಆ 20 ಮಿ.ಮೀ. ಉಳಿಯುವುದು ಕಡಿಮೆ. ಕಾಂಕ್ರೀಟ್ ಮೇಲ್ಮೈ ಏರಿಳಿದಿರುತ್ತದೆ, ವಿದ್ಯುತ್ ಪೈಪುಗಳು ನೆಲದ ಮೇಲೆಯೇ ಓಡಿರುತ್ತವೆ. ಅವನ್ನೆಲ್ಲ ಮುಚ್ಚುವಷ್ಟರಲ್ಲಿ ಬೆಡ್ ಒಂದೂವರೆ ಇಂಚು ದಾಟಿರುತ್ತದೆ.

ಆದ್ದರಿಂದ ಈ ಬೆಡ್ ಎರಡು ಕೆಲಸ ಮಾಡುತ್ತದೆ: ನೆಲವನ್ನು ಮಟ್ಟ ಮಾಡುವುದು ಮತ್ತು ಟೈಲನ್ನು ಹಿಡಿದುಕೊಳ್ಳುವುದು. ಅಂಟು ಮಾಡುವುದು ಎರಡನೆಯದನ್ನು ಮಾತ್ರ. ಅಂಟಿನ ಲೆಕ್ಕದಲ್ಲಿ ಆಗುವ ಬಹುಪಾಲು ಜಗಳಗಳು ಈ ವ್ಯತ್ಯಾಸವನ್ನು ಮರೆತದ್ದರಿಂದಲೇ ಹುಟ್ಟುತ್ತವೆ.

## ಸಿಮೆಂಟಿಗೆ ಹಿಡಿತ ಸಿಗುವುದು ಎಲ್ಲಿ?

ಹಿರಿಯರ ಪ್ರಶ್ನೆಗೆ ಉತ್ತರ ಟೈಲಿನ ಬೆನ್ನಿನಲ್ಲಿದೆ. ಗೋಡೆಗೆ ಹಾಕುವ ಸಾಮಾನ್ಯ ಸೆರಾಮಿಕ್ ಟೈಲ್ ತನ್ನ ತೂಕದ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ನೀರನ್ನು ಕುಡಿಯಬಲ್ಲದು. ಹಾಕುವ ಮೊದಲು ಟೈಲ್ಸನ್ನು ನೀರಿನ ತೊಟ್ಟಿಯಲ್ಲಿ ನೆನೆಸುತ್ತಿದ್ದುದು ಇದೇ ಕಾರಣಕ್ಕೆ. ಇಲ್ಲದಿದ್ದರೆ ಅದು ಗಾರೆಯ ನೀರನ್ನೆಲ್ಲ ಹೀರಿಬಿಡುತ್ತಿತ್ತು. ನೀರು ಒಳಹೋಗುವ ಆ ಸೂಕ್ಷ್ಮ ರಂಧ್ರಗಳಲ್ಲೇ ಸಿಮೆಂಟಿನ ಹರಳುಗಳು ಬೆಳೆದು ಬೇರಿನಂತೆ ಹಿಡಿದುಕೊಳ್ಳುತ್ತವೆ.

ವಿಟ್ರಿಫೈಡ್ ಟೈಲ್ ಹೆಚ್ಚು ಕಡಿಮೆ ಗಾಜಿನಂತೆ. ಅದು ನೀರನ್ನು ಹೀರುವುದು ಶೇಕಡ 0.5ಕ್ಕಿಂತಲೂ ಕಡಿಮೆ. ಬೇರಿಳಿಸಲು ಜಾಗವೇ ಇಲ್ಲ. ಕೆಳಗೆ ಸಿಮೆಂಟು ಎಷ್ಟೇ ಗಟ್ಟಿಯಾದರೂ ಟೈಲ್ ಅದರ ಮೇಲೆ ಸುಮ್ಮನೆ ಕೂತಿರುತ್ತದೆ. ಒಂದೆರಡು ಬೇಸಿಗೆ ಕಳೆದ ಮೇಲೆ ಬೆರಳಿನ ಗೆಣ್ಣಿನಿಂದ ತಟ್ಟಿದರೆ ಪೊಳ್ಳು ಸದ್ದು ಬರುತ್ತದೆ. ಅಂಟಿನ ಚೀಲದಲ್ಲಿರುವುದೂ ಮುಖ್ಯವಾಗಿ ಸಿಮೆಂಟು ಮತ್ತು ನಯವಾದ ಮರಳೇ. ಜೊತೆಗೆ ನೀರನ್ನು ಹಿಡಿದಿಡುವ ಒಂದು ಪುಡಿ ಮತ್ತು ಒಣಗಿದ ಮೇಲೆ ಟೈಲಿನ ಬೆನ್ನಿಗೆ ಕಚ್ಚಿಕೊಳ್ಳುವ ಪಾಲಿಮರ್ ಪುಡಿ ಇರುತ್ತವೆ. ಯಾವ ಟೈಲಿಗೆ ಯಾವ ದರ್ಜೆಯ ಅಂಟು ಎಂಬುದಕ್ಕೆ ನಮ್ಮಲ್ಲಿ ಐಎಸ್ 15477 ಎಂಬ ಮಾನಕವಿದೆ. ಆ ಸಂಖ್ಯೆಯೂ ದರ್ಜೆಯೂ ಚೀಲದ ಮೇಲೆ ಇರುತ್ತವೆ. ಸೆರಾಮಿಕ್‌ಗೆಂದು ಮಾರುವ ಅಗ್ಗದ ದರ್ಜೆಯನ್ನು ವಿಟ್ರಿಫೈಡ್‌ಗೆ ಹಾಕಿದರೆ, ಪ್ರಮಾಣದ ಲೆಕ್ಕ ಎಷ್ಟೇ ಸರಿಯಿದ್ದರೂ ಪ್ರಯೋಜನವಿಲ್ಲ.

## ಹಲ್ಲಿನ ಕರಣೆಯೇ ಅಳತೆಗೋಲು

ಅಂಟನ್ನು ಹರಡುವುದು ಸಾದಾ ಕರಣೆಯಿಂದಲ್ಲ, ಅಂಚಿನಲ್ಲಿ ಚೌಕಾಕಾರದ ಹಲ್ಲುಗಳಿರುವ ಕರಣೆಯಿಂದ. ಅದನ್ನು ಎಳೆದಾಗ ಉತ್ತ ಹೊಲದಂತೆ ದಿಂಡು ಮತ್ತು ಸಾಲುಗಳು ಏಳುತ್ತವೆ. ಟೈಲ್ ಇಟ್ಟು ಒತ್ತಿದರೆ ದಿಂಡು ಕುಸಿದು ಪಕ್ಕದ ಸಾಲನ್ನು ತುಂಬುತ್ತದೆ. ಹಲ್ಲಿನ ಅಗಲವೂ ಹಲ್ಲಿನ ನಡುವಿನ ಕಂಡಿಯ ಅಗಲವೂ ಸಮವಾಗಿರುವುದರಿಂದ, ದಿಂಡಿನ ಎತ್ತರ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ. 6 ಮಿ.ಮೀ. ಹಲ್ಲಿನ ಕರಣೆ ಉಳಿಸುವುದು 3 ಮಿ.ಮೀ. ಅಂಟು, 8ರ ಹಲ್ಲು 4, 10ರ ಹಲ್ಲು 5. ಕರಣೆಯನ್ನು ತುಂಬಾ ಮಲಗಿಸಿ ಎಳೆದರೆ ದಿಂಡು ಇನ್ನೂ ಗಿಡ್ಡವಾಗುತ್ತದೆ. ಪಳಗಿದ ಕೈ ಅದನ್ನು ನೆಟ್ಟಗೇ ಹಿಡಿಯುವುದು ಇದಕ್ಕೇ.

ಇನ್ನು ತೂಕ. ಒಂದು ಚದರ ಮೀಟರ್ ಜಾಗದ ಮೇಲೆ 1 ಮಿ.ಮೀ. ದಪ್ಪದ ಪದರ ಎಂದರೆ ಸರಿಯಾಗಿ 1 ಲೀಟರ್. ಕಲಸಿದ ಅಂಟು ಲೀಟರಿಗೆ 1.6ರಿಂದ 1.7 ಕೆ.ಜಿ. ತೂಗುತ್ತದೆ. ಅದರಲ್ಲಿ ನಾಲ್ಕು ಪಾಲು ಪುಡಿಗೆ ಒಂದು ಪಾಲಿನಷ್ಟು ನೀರಿರುತ್ತದೆ. ನೀರನ್ನು ಕಳೆದರೆ ಪುಡಿ ಉಳಿಯುವುದು ಸುಮಾರು 1.3ರಿಂದ 1.4 ಕೆ.ಜಿ. ಹೆಚ್ಚಿನದನ್ನೇ ಹಿಡಿಯೋಣ.

```
ಅಂಟಿನ ಪುಡಿ (ಕೆ.ಜಿ.) = ಚದರ ಮೀಟರ್ × ದಪ್ಪ (ಮಿ.ಮೀ.) × 1.4
```

ಚದರ ಅಡಿಯನ್ನು 10.76ರಿಂದ ಭಾಗಿಸಿದರೆ ಚದರ ಮೀಟರ್ ಬರುತ್ತದೆ. ಗಮನಿಸಿ: ಈ ಸೂತ್ರದಲ್ಲಿ ಟೈಲಿನ ಉದ್ದ ಅಗಲಗಳು ಕಾಣುವುದೇ ಇಲ್ಲ. ಅವು ಬೇರೆ ಬಾಗಿಲಿನಿಂದ ಒಳಗೆ ಬರುತ್ತವೆ. ಯಾವ ಹಲ್ಲಿನ ಕರಣೆ ಹಿಡಿಯಬೇಕೆಂದು ನಿರ್ಧರಿಸುವುದು ಟೈಲಿನ ಗಾತ್ರವೇ.

ಸಣ್ಣ ಟೈಲಿಗೆ 6 ಮಿ.ಮೀ. ಹಲ್ಲು ಸಾಕು. ಎರಡಡಿಯ ಟೈಲ್ ಪೂರ್ತಿ ಸಪಾಟಾಗಿ ಇರುವುದು ಅಪರೂಪ. ಒಲೆಯ ಶಾಖದಲ್ಲಿ ಅದರ ನಡುಭಾಗ ಕೂದಲೆಳೆಯಷ್ಟು ಉಬ್ಬಿರುತ್ತದೆ. ನೆಲವೂ ಎರಡಡಿಯ ಅಂತರದಲ್ಲಿ ಒಂದೆರಡು ಮಿಲಿಮೀಟರ್ ಏರಿಳಿದಿರುತ್ತದೆ. ತೆಳ್ಳಗಿನ ಪದರ ಈ ಎರಡನ್ನೂ ತುಂಬಲಾರದು, ಮೂಲೆಗಳು ಗಾಳಿಯಲ್ಲಿ ನಿಲ್ಲುತ್ತವೆ. ಆದ್ದರಿಂದ ದೊಡ್ಡ ಟೈಲಿಗೆ 8 ಅಥವಾ 10 ಮಿ.ಮೀ. ಹಲ್ಲಿನ ಕರಣೆ ಬೇಕು. ಜೊತೆಗೆ ಟೈಲಿನ ಬೆನ್ನಿಗೂ ಕರಣೆಯ ಸಪಾಟು ಅಂಚಿನಿಂದ ತೆಳುವಾಗಿ ಅಂಟು ಸವರಬೇಕು. ಈ ಸವರುವಿಕೆಗೆ 1 ಮಿ.ಮೀ. ಲೆಕ್ಕ ಹಿಡಿಯಬಹುದು.

## ಏಳು ಚೀಲ ಬಂದದ್ದು ಹೀಗೆ

ಈಗ ನಮ್ಮ ಹಾಲಿಗೆ ಬರೋಣ. 180 ಚದರ ಅಡಿ ಎಂದರೆ 16.7 ಚದರ ಮೀಟರ್. ಮೇಸ್ತ್ರಿ ಹಿಡಿದಿರುವುದು 8 ಮಿ.ಮೀ. ಹಲ್ಲಿನ ಕರಣೆ. ಅದು ಉಳಿಸುವುದು 4 ಮಿ.ಮೀ., ಬೆನ್ನಿಗೆ ಸವರಿದ್ದು 1, ಒಟ್ಟು 5.

```
16.7 × 5 × 1.4 = 117 ಕೆ.ಜಿ.
ಶೇಕಡ 10 ಪೋಲು ಸೇರಿಸಿದರೆ ಸುಮಾರು 129 ಕೆ.ಜಿ.
129 ÷ 20 = 6.4, ಅಂದರೆ 7 ಚೀಲ
```

ಚೀಲದ ಮೇಲಿನ ಮಾತನ್ನೂ ಹೀಗೆಯೇ ಬಿಡಿಸಿ ನೋಡಬಹುದು. 55 ಚದರ ಅಡಿ ಎಂದರೆ 5.1 ಚದರ ಮೀಟರ್. 20 ಕೆ.ಜಿ.ಯನ್ನು ಅಷ್ಟು ಜಾಗಕ್ಕೆ ಹಂಚಿದರೆ ಚದರ ಮೀಟರಿಗೆ 3.9 ಕೆ.ಜಿ.; 1.4ರಿಂದ ಭಾಗಿಸಿದರೆ 2.8 ಮಿ.ಮೀ. ದಪ್ಪ. ಅಂದರೆ 6 ಮಿ.ಮೀ. ಹಲ್ಲಿನ ಕರಣೆ, ಸಪಾಟಾದ ನೆಲ, ಬೆನ್ನಿಗೆ ಸವರದ ಸಣ್ಣ ಟೈಲ್. ಚೀಲದ ಮೇಲೆ ಅದನ್ನೂ ಎಲ್ಲೋ ಚಿಕ್ಕ ಅಕ್ಷರದಲ್ಲಿ ಬರೆದಿರುತ್ತಾರೆ. ದೊಡ್ಡ ಅಕ್ಷರ ಮಾತ್ರ ಕಣ್ಣಿಗೆ ಬೀಳುತ್ತದೆ.

ಇದೇ ಲೆಕ್ಕದಿಂದ ಇನ್ನೊಂದು ಸಂಗತಿ ಹೊರಬೀಳುತ್ತದೆ. ಈ ಹಾಲಿನಲ್ಲಿ ಸರಾಸರಿ ದಪ್ಪ ಒಂದು ಮಿಲಿಮೀಟರ್ ಹೆಚ್ಚಿದರೆ 23 ಕೆ.ಜಿ. ಹೆಚ್ಚು ಬೇಕು, ಅಂದರೆ ಒಂದು ಚೀಲಕ್ಕೂ ಮೀರಿ. ನೆಲ ಒಂದು ಮೂಲೆಗೆ ಇಳಿದಿದ್ದು, ಸರಾಸರಿ 5 ಮಿ.ಮೀ. ತುಂಬಬೇಕಾಗಿ ಬಂದರೆ ಆರು ಚೀಲ ಬರೀ ಮಟ್ಟ ಮಾಡುವುದಕ್ಕೇ ಹೋಗುತ್ತದೆ. ದುಬಾರಿ ಪಾಲಿಮರನ್ನು ಮರಳಿನ ಜಾಗದಲ್ಲಿ ಸುರಿದಂತೆ. ಅಲ್ಲದೆ ದಪ್ಪನೆಯ ಅಂಟು ಒಣಗುವಾಗ ಕುಗ್ಗುತ್ತದೆ, ಟೈಲಿನ ಒಂದು ಅಂಚು ಕೆಳಗಿಳಿಯುತ್ತದೆ. ಆರಡಿಯ ನೆಟ್ಟಗಿನ ಅಲ್ಯೂಮಿನಿಯಂ ಪಟ್ಟಿಯನ್ನು ನೆಲದ ಮೇಲೆ ನಾಲ್ಕಾರು ಕಡೆ ಇಟ್ಟು, ಅಡಿಯಲ್ಲಿ ಎಷ್ಟು ಬೆಳಕು ಕಾಣುತ್ತದೆಂದು ನೋಡಿದ ಮೇಲೆಯೇ ಚೀಲಗಳನ್ನು ಎಣಿಸಬೇಕು. ತಗ್ಗು ಹೆಚ್ಚಿದ್ದರೆ ಮೊದಲು ಸಿಮೆಂಟಿನಿಂದ ಮಟ್ಟ ಮಾಡಿ, ಅದು ಗಟ್ಟಿಯಾದ ಮೇಲೆ ಅಂಟು.

ಹಳೆಯ ಮೊಸಾಯಿಕ್ಕಿನ ಮೇಣ, ಪಾಲಿಷ್‌ಗಳನ್ನು ಉಜ್ಜಿ ತೆಗೆದು ಮೇಲ್ಮೈಯನ್ನು ಒರಟು ಮಾಡಿರಬೇಕು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಅಂಟು ಹಿಡಿಯುವುದು ತನ್ನ ಕೆಳಗಿರುವುದನ್ನು. ಕೆಳಗಿರುವುದು ಮೇಣವಾದರೆ ಮೇಣವನ್ನೇ.

## ಗ್ರೌಟ್: ಗದ್ದೆಯ ಬದುಗಳ ಲೆಕ್ಕ

ಟೈಲುಗಳ ನಡುವಿನ ಸಂದನ್ನು ತುಂಬುವ ಪುಡಿಯೇ ಗ್ರೌಟ್. ಇಲ್ಲಿ ಟೈಲಿನ ಗಾತ್ರ ನೇರವಾಗಿಯೇ ಲೆಕ್ಕಕ್ಕೆ ಬರುತ್ತದೆ. ಒಂದು ಎಕರೆ ಗದ್ದೆಯನ್ನು ನಾಲ್ಕು ದೊಡ್ಡ ಮಡಿಗಳಾಗಿ ಮಾಡಿದರೆ ಬದು ಕಡಿಮೆ. ನಲವತ್ತು ಸಣ್ಣ ಮಡಿಗಳಾಗಿ ಮಾಡಿದರೆ ಎತ್ತ ನೋಡಿದರೂ ಬದುವೇ. ಟೈಲಿನ ಸಂದೂ ಹಾಗೆಯೇ.

ಪ್ರತಿ ಟೈಲಿಗೂ ನಾಲ್ಕು ಬದಿಗಳಿವೆ, ಆದರೆ ಪ್ರತಿ ಸಂದನ್ನೂ ಇಬ್ಬರು ನೆರೆಯವರು ಹಂಚಿಕೊಳ್ಳುತ್ತಾರೆ. ಹಾಗಾಗಿ ಒಂದು ಟೈಲಿನ ಪಾಲಿಗೆ ಬರುವುದು ಒಂದು ಉದ್ದದಷ್ಟು ಮತ್ತು ಒಂದು ಅಗಲದಷ್ಟು ಸಂದು. ಅದನ್ನು ಟೈಲಿನ ವಿಸ್ತೀರ್ಣದಿಂದ ಭಾಗಿಸಿ, ಸಂದಿನ ಅಗಲ ಮತ್ತು ಆಳದಿಂದ ಗುಣಿಸಿದರೆ ಎಷ್ಟು ಲೀಟರ್ ಗ್ರೌಟ್ ಹಿಡಿಯುತ್ತದೆಂದು ಸಿಗುತ್ತದೆ. ಆಳ ಎಂದರೆ ಟೈಲಿನ ದಪ್ಪವೇ. ಲೀಟರನ್ನು ಕೆ.ಜಿ. ಮಾಡಲು ಸಿಮೆಂಟ್ ಗ್ರೌಟಿಗೆ ಸಾಮಾನ್ಯವಾಗಿ 1.6ರಿಂದ ಗುಣಿಸುತ್ತಾರೆ.

```
ಚದರ ಮೀಟರಿಗೆ ಗ್ರೌಟ್ (ಕೆ.ಜಿ.) =
(ಉದ್ದ + ಅಗಲ) ÷ (ಉದ್ದ × ಅಗಲ) × ಸಂದಿನ ಅಗಲ × ಟೈಲಿನ ದಪ್ಪ × 1.6
(ಅಳತೆಗಳೆಲ್ಲ ಮಿ.ಮೀ.ನಲ್ಲಿ)
```

ನಮ್ಮ ಹಾಲಿನ ಟೈಲ್ 600 ಮಿ.ಮೀ. ಚೌಕ, 9 ಮಿ.ಮೀ. ದಪ್ಪ. ಸಂದು 3 ಮಿ.ಮೀ. ಎಂದುಕೊಂಡರೆ ಚದರ ಮೀಟರಿಗೆ 0.144 ಕೆ.ಜಿ., ಇಡೀ ಹಾಲಿಗೆ 2.4 ಕೆ.ಜಿ. ಪೋಲು ಸೇರಿಸಿ ಒಂದು ಕೆ.ಜಿ.ಯ ಮೂರು ಪೊಟ್ಟಣ. ಸಂದನ್ನು 2 ಮಿ.ಮೀ.ಗೆ ಇಳಿಸಿದರೆ 1.6 ಕೆ.ಜಿ. ಸಂದಿನ ಅಗಲ ಎಷ್ಟು ಪಟ್ಟಾದರೆ ಗ್ರೌಟೂ ಅಷ್ಟೇ ಪಟ್ಟು. ಟೈಲಿನ ದಪ್ಪಕ್ಕೂ ಇದೇ ಮಾತು.

ಈಗ ಅದೇ ಮನೆಯ ಬಚ್ಚಲಿನ ನೆಲವನ್ನು ನೋಡಿ. ಬರೀ 40 ಚದರ ಅಡಿ, ಅಂದರೆ 3.7 ಚದರ ಮೀಟರ್. ಅಲ್ಲಿ ಒಂದಿಂಚಿನ ಸಣ್ಣ ಚೌಕಗಳ, 4 ಮಿ.ಮೀ. ದಪ್ಪದ, ಹಾಳೆಗೆ ಅಂಟಿಸಿ ಬರುವ ಬಿಲ್ಲೆಗಳನ್ನು 2 ಮಿ.ಮೀ. ಸಂದು ಬಿಟ್ಟು ಹಾಕಿದರೆ, ಸೂತ್ರ ಹೇಳುವುದು ಚದರ ಮೀಟರಿಗೆ 1.02 ಕೆ.ಜಿ. ಒಟ್ಟು 3.8 ಕೆ.ಜಿ.! ಹಾಲಿನ ಕಾಲು ಭಾಗವೂ ಇಲ್ಲದ ಬಚ್ಚಲು ಹಾಲಿಗಿಂತ ಒಂದೂವರೆ ಪಟ್ಟು ಗ್ರೌಟ್ ನುಂಗುತ್ತದೆ. ಇಷ್ಟು ಸಣ್ಣ ಬಿಲ್ಲೆಗಳಲ್ಲಿ ಈ ಸೂತ್ರ ಹತ್ತರಲ್ಲೊಂದು ಪಾಲಿನಷ್ಟು ಹೆಚ್ಚು ತೋರಿಸುತ್ತದೆ, ಏಕೆಂದರೆ ಸಂದು ತಿನ್ನುವ ಜಾಗವನ್ನು ಅದು ಕಳೆಯುವುದಿಲ್ಲ. ಪೋಲಿಗೆಂದು ಬೇರೆ ಸೇರಿಸದಿದ್ದರಾಯಿತು.

ಎಪಾಕ್ಸಿ ಗ್ರೌಟ್ ಆಯ್ದುಕೊಂಡರೆ 1.6ರ ಬದಲು ಅದರ ಡಬ್ಬಿಯ ಮೇಲೆ ಬರೆದಿರುವ ಸಾಂದ್ರತೆಯನ್ನು ಹಾಕಬೇಕು. ಅದರ ಭಾಗಗಳನ್ನು ಹೇಳಿದ ಪ್ರಮಾಣದಲ್ಲೇ ಬೆರೆಸಬೇಕು. ಬೆರೆಸಿದ ಮೇಲೆ ಗಟ್ಟಿಯಾಗಲು ಹೆಚ್ಚು ಹೊತ್ತು ಬೇಡ. ಹಾಗಾಗಿ ಅಲ್ಲಿ ಪೂರ್ತಿ ಡಬ್ಬಿಗಳ ಲೆಕ್ಕ.

ಸೂತ್ರ ಹಿಡಿಯದ ಒಂದು ಸಂಗತಿಯಿದೆ. ಟೈಲ್ ಒತ್ತಿದಾಗ ಅಂಟು ಸಂದಿನೊಳಗೆ ಉಕ್ಕಿ ಬರುತ್ತದೆ. ಅದನ್ನು ಹಸಿಯಿರುವಾಗಲೇ ಕೆರೆದು ತೆಗೆಯದಿದ್ದರೆ ಗ್ರೌಟಿಗೆ ಆಳವೇ ಉಳಿಯುವುದಿಲ್ಲ. ಮೂರು ಪೊಟ್ಟಣದ ಕೆಲಸ ಒಂದೂವರೆಯಲ್ಲೇ ಮುಗಿದರೆ ಉಳಿತಾಯವಾಯಿತೆಂದು ಹಿಗ್ಗಬೇಡಿ. ಮೇಲ್ಮೈಯಲ್ಲಿ ಹಪ್ಪಳದಷ್ಟು ತೆಳುವಾಗಿ ಕೂತ ಗ್ರೌಟ್ ಕೆಲವೇ ತಿಂಗಳಲ್ಲಿ ಪುಡಿಯಾಗಿ ಪೊರಕೆಗೆ ಬರುತ್ತದೆ.

## ಇದೇ ಹಾಲ್, ಹಿರಿಯರು ಹೇಳಿದಂತೆ

ಅದೇ 16.7 ಚದರ ಮೀಟರಿಗೆ 40 ಮಿ.ಮೀ. ದಪ್ಪದ, ಒಂದಕ್ಕೆ ಆರರ ಗಾರೆ ಹಾಕಿದರೆ? ಹಾಸಿದ ಗಾರೆ 0.67 ಘನ ಮೀಟರ್. ಒಣ ಸಿಮೆಂಟು ಮರಳಿಗೆ ನೀರು ಸೇರಿದಾಗ ಕಣಗಳು ಒತ್ತಾಗಿ ಕೂತು ರಾಶಿ ಕುಗ್ಗುತ್ತದೆ. ಆದ್ದರಿಂದ ಒಣ ಸಾಮಗ್ರಿಯನ್ನು ಮೂರನೇ ಒಂದು ಪಾಲಿನಷ್ಟು ಹೆಚ್ಚು ಹಿಡಿಯುತ್ತಾರೆ: 0.89 ಘನ ಮೀಟರ್. ಅದರ ಏಳನೇ ಒಂದು ಪಾಲು ಸಿಮೆಂಟು. ಘನ ಮೀಟರಿಗೆ 1440 ಕೆ.ಜಿ. ಲೆಕ್ಕದಲ್ಲಿ 183 ಕೆ.ಜಿ. ಮೇಲಿನ ತೆಳು ಲೇಪಕ್ಕೆ ಇನ್ನು 55 ಕೆ.ಜಿ. ಒಟ್ಟು ಸುಮಾರು ಐದು ಚೀಲ ಸಿಮೆಂಟು ಮತ್ತು 27 ಘನ ಅಡಿ ಮರಳು.

ಸಾಮಗ್ರಿಯ ಬೆಲೆಯನ್ನಷ್ಟೇ ನೋಡಿದರೆ ಹಿರಿಯರ ಮಾತೇ ಗೆಲ್ಲಬಹುದು. ನಿಮ್ಮೂರಿನ ಮರಳಿನ ದರ ಹಾಕಿ ನೋಡಿ. ಆದರೆ ಆ ಗಾರೆಯ ತೂಕ ಸುಮಾರು 1,400 ಕೆ.ಜಿ. ಅಂಟಿನದು ನೀರೂ ಸೇರಿ 150 ಕೆ.ಜಿ.ಯೊಳಗೆ. ವಾಸದ ಕೋಣೆಯಲ್ಲಿ ಜನ, ಸಾಮಾನು ಎಲ್ಲ ಸೇರಿ ಚದರ ಮೀಟರಿಗೆ ಸುಮಾರು 200 ಕೆ.ಜಿ. ಭಾರ ಬರುತ್ತದೆ ಎಂದಿಟ್ಟುಕೊಂಡು ನಮ್ಮ ಮಾನಕಗಳ ಪ್ರಕಾರ ಚಾವಣಿಯ ವಿನ್ಯಾಸ ಮಾಡುತ್ತಾರೆ. ನೆಲಹಾಸಿನ ತೂಕವನ್ನು ಬೇರೆಯಾಗಿ ಸೇರಿಸುತ್ತಾರೆ ನಿಜ. ಆದರೆ ಸೇರಿಸುವುದು ಒಂದು ನೆಲಹಾಸಿನದು. ಹಳೆಯ ಮೊಸಾಯಿಕ್ಕನ್ನು ಹಾಗೆಯೇ ಬಿಟ್ಟು ಮೇಲೆ ಚದರ ಮೀಟರಿಗೆ 84 ಕೆ.ಜಿ. ಗಾರೆ ಹೇರುವುದನ್ನು ಆಗ ಯಾರೂ ಎಣಿಸಿರುವುದಿಲ್ಲ. ಎತ್ತರದ ತೊಂದರೆ ಇನ್ನೂ ಬೇಗ ಕಾಣುತ್ತದೆ: ಗಾರೆ ಮತ್ತು ಟೈಲ್ ಸೇರಿ 49 ಮಿ.ಮೀ., ಸುಮಾರು ಎರಡಿಂಚು. ಬಾಗಿಲುಗಳ ಬುಡ ಕೊಯ್ಯಬೇಕು, ಪಕ್ಕದ ಕೋಣೆಗೆ ಹೋಗುವಾಗ ಎಡವಬೇಕು. ಅಂಟಿನಲ್ಲಾದರೆ 14 ಮಿ.ಮೀ.

ಹೊಸ ಮನೆಯ ಬೋಳು ಕಾಂಕ್ರೀಟಿನ ಮೇಲಾದರೆ ಮಾತು ಬೇರೆ. ಅಲ್ಲಿ ಪೈಪು ಮುಚ್ಚಲು, ಮಟ್ಟ ಮಾಡಲು ಗಾರೆ ಹೇಗೂ ಬೇಕು. ಅಂಟು ಬಂದರೆ ಬೆಡ್ ತಪ್ಪುವುದಿಲ್ಲ. ತಪ್ಪುವುದು ಮೇಲಿನ ಆ 3.3 ಕೆ.ಜಿ. ಸಿಮೆಂಟಿನ ಲೇಪ ಮಾತ್ರ. ಅಂಟು ಹಾಕಿದರೆ ಮರಳು ಸಿಮೆಂಟಿನ ಖರ್ಚು ಪೂರ್ತಿ ಉಳಿಯುತ್ತದೆ ಎನ್ನುವ ಹೋಲಿಕೆ ಅಲ್ಲಿ ನಿಲ್ಲುವುದಿಲ್ಲ.

## ಏಳು ತರಿಸಿ ನಾಲ್ಕೇ ಹಾಕಿದರೆ?

ಚೀಲ ಎಷ್ಟು ತಂದಿರಿ ಎನ್ನುವುದಕ್ಕಿಂತ ಟೈಲಿನ ಕೆಳಗೆ ಎಷ್ಟು ಹೋಯಿತು ಎನ್ನುವುದು ಮುಖ್ಯ. ಅಂಟು ಉಳಿಸಲು ಕೆಲವರು ಹಿಡಿಯುವ ದಾರಿ ಗೊತ್ತೇ ಇದೆ: ನಾಲ್ಕು ಮೂಲೆಗೆ ನಾಲ್ಕು ಉಂಡೆ, ನಡುವೆ ಒಂದು, ಮೇಲೆ ಟೈಲ್. ಮಟ್ಟ ಸರಿಯಾಗಿಯೇ ಬರುತ್ತದೆ. ಆದರೆ ಉಂಡೆಗಳ ನಡುವೆ ಟೊಳ್ಳು. ಆ ಜಾಗದಲ್ಲಿ ಸೋಫಾದ ಕಾಲು ಕೂತರೆ ಅಥವಾ ಮಕ್ಕಳು ಗುಂಡುಕಲ್ಲು ಬೀಳಿಸಿದರೆ ಟೈಲ್ ಬಿರಿಯುತ್ತದೆ.

ಪರೀಕ್ಷೆ ಸುಲಭ. ಮೊದಲ ಸಾಲು ಹಾಕುತ್ತಿರುವಾಗಲೇ, ಈಗಷ್ಟೇ ಕೂರಿಸಿದ ಒಂದು ಟೈಲನ್ನು ಮೇಸ್ತ್ರಿಯಿಂದ ಎತ್ತಿಸಿ ಬೆನ್ನು ನೋಡಿ. ಒಣ ಕೋಣೆಯಲ್ಲಿ ನೂರಕ್ಕೆ ಎಂಬತ್ತು ಪಾಲಾದರೂ ಅಂಟು ಹತ್ತಿರಬೇಕು, ಬಚ್ಚಲು ಮತ್ತು ಹೊರಾಂಗಣದಲ್ಲಿ ತೊಂಬತ್ತೈದು. ದಿಂಡುಗಳು ಕುಸಿಯದೆ ಗೆರೆಗೆರೆಯಾಗಿಯೇ ಉಳಿದಿದ್ದರೆ ಟೈಲನ್ನು ಸರಿಯಾಗಿ ಒತ್ತಿಲ್ಲ, ಇಲ್ಲವೇ ಹಲ್ಲು ಸಣ್ಣದಾಯಿತು. ದಿಂಡಿನ ತುದಿ ಟೈಲಿಗೆ ಹತ್ತದೆ ಒಣ ಕೆನೆ ಕಟ್ಟಿದ್ದರೆ, ಅಂಟನ್ನು ಹರಡಿ ತುಂಬಾ ಹೊತ್ತು ಬಿಟ್ಟಿದ್ದಾರೆ. ಫ್ಯಾನು ಹಾಕಿದ ಕೋಣೆಯಲ್ಲಿ, ಬೇಸಿಗೆಯ ಮಧ್ಯಾಹ್ನದಲ್ಲಿ ಇಪ್ಪತ್ತು ನಿಮಿಷವೂ ಹೆಚ್ಚೇ. ಬೆರಳಿನಿಂದ ಮುಟ್ಟಿದರೆ ಅಂಟು ಬೆರಳಿಗೆ ಹತ್ತಬೇಕು. ಹತ್ತದಿದ್ದರೆ ಅದನ್ನು ಕೆರೆದು ಎಸೆಯಬೇಕೇ ಹೊರತು ನೀರು ಚಿಮುಕಿಸಿ ಮತ್ತೆ ಕಲಸಬಾರದು.

ಇನ್ನೊಂದು ಉಪಾಯಕ್ಕೆ ಟೈಲ್ ಎತ್ತಿಸುವುದೂ ಬೇಡ. ನಮ್ಮ ಹಾಲಿಗೆ ಬೇಕಾದ ಎರಡಡಿ ಟೈಲುಗಳು 45. ಅವುಗಳಿಗೆ 117 ಕೆ.ಜಿ. ಎಂದರೆ ಟೈಲೊಂದಕ್ಕೆ 2.6 ಕೆ.ಜಿ.; ಒಂದು ಚೀಲ ಖಾಲಿಯಾಗುವಾಗ ಏಳೋ ಎಂಟೋ ಟೈಲುಗಳು ಕೂತಿರಬೇಕು. ಎರಡು ಚೀಲ ಮುಗಿದಾಗ ಹೋಗಿ ಎಣಿಸಿ. ಹದಿನೈದರ ಆಸುಪಾಸಿನಲ್ಲಿದ್ದರೆ ಸರಿ. ಇಪ್ಪತ್ತೈದು ಕೂತಿದ್ದರೆ ಅಂಟು ಗಟ್ಟಿಯಾಗುವ ಮೊದಲೇ ಕೊನೆಯ ಟೈಲನ್ನು ಎತ್ತಿಸಿ. ಹತ್ತೇ ಕೂತಿದ್ದರೆ ನೆಲದಲ್ಲಿ ತಗ್ಗಿದೆ. ಕೆಲಸ ನಿಲ್ಲಿಸಿ ಮತ್ತೆ ಪಟ್ಟಿ ಇಟ್ಟು ನೋಡಿ.